22 ನಿಮಿಷದ ಬ್ಯಾಟರಿ ಮತ್ತು ಒಂದು ದೂರು

ಮಾರ್ಚ್ ತಿಂಗಳ ಒಂದು ರಾತ್ರಿ ತಿಪಟೂರಿನಿಂದ ಚಿಕ್ಕಪ್ಪನ ಫೋನ್ ಬಂತು. "ಇನ್ವರ್ಟರ್ ಕೆಟ್ಟೋಗಿದೆ ಕಣಮ್ಮ. ಎರಡು ಸಲ ಕಂಪ್ಲೇಂಟ್ ಕೊಟ್ಟೆ. ಹುಡುಗ ಬರ್ತಾನೆ, ನೋಡ್ತಾನೆ, ಚೆನ್ನಾಗಿದೆ ಅಂತಾನೆ, ಹೋಗ್ತಾನೆ. ಅವನು ಆ ಕಡೆ ಹೋದ, ಈ ಕಡೆ ಕರೆಂಟ್ ಹೋದ್ರೆ ಮನೆ ಕತ್ತಲು."

"ಕಂಪ್ಲೇಂಟ್ ಕೊಡುವಾಗ ಏನು ಹೇಳಿದ್ರಿ ಚಿಕ್ಕಪ್ಪ?"

"ಇನ್ನೇನು ಹೇಳೋದು? ಇನ್ವರ್ಟರ್ ಕೆಟ್ಟೋಗಿದೆ, ಯಾರನ್ನಾದ್ರೂ ಕಳಿಸಿ ಅಂದೆ."

ಬೆಂಗಳೂರಿನಲ್ಲಿ ಗೃಹೋಪಯೋಗಿ ಸಾಮಾನುಗಳ ಕಂಪನಿಯೊಂದರ ಸರ್ವಿಸ್ ವಿಭಾಗದಲ್ಲಿ ನಾನು ಹನ್ನೊಂದು ವರ್ಷ ಕೆಲಸ ಮಾಡಿದ್ದೇನೆ. ಚಿಕ್ಕಪ್ಪ ಹೇಳಿದಂಥ ವಾಕ್ಯವನ್ನು ದಿನಕ್ಕೆ ಹತ್ತಾರು ಸಲ ಕೇಳಿಸಿಕೊಂಡವಳು. ಆ ವಾಕ್ಯದಲ್ಲಿ ಸುಳ್ಳೇನೂ ಇಲ್ಲ. ಆದರೆ ಕೇಳಿಸಿಕೊಂಡವರು ಅದನ್ನು ಹಿಡಿದು ಮುಂದಕ್ಕೆ ಹೋಗಲಾರರು. ಕೆಟ್ಟಿರುವುದು ಇನ್ವರ್ಟರೋ ಬ್ಯಾಟರಿಯೋ? ಪೂರ್ತಿ ನಿಂತುಹೋಗಿದೆಯೋ, ಸ್ವಲ್ಪ ಹೊತ್ತು ಓಡಿ ನಿಲ್ಲುತ್ತಿದೆಯೋ? ಅದು ನಿನ್ನೆಯಿಂದಲೋ, ಮೂರು ತಿಂಗಳಿಂದಲೋ? ಫೋನ್ ಎತ್ತಿದ ಹುಡುಗಿಗೆ ಇಷ್ಟನ್ನೆಲ್ಲ ಕೇಳಲು ವ್ಯವಧಾನ ಇರುವುದಿಲ್ಲ. ಅವಳ ಮುಂದಿನ ಪರದೆಯಲ್ಲಿ ಒಂದು ಪಟ್ಟಿ ಇರುತ್ತದೆ, ಅದರಲ್ಲಿ ಒಂದನ್ನು ಆರಿಸುತ್ತಾಳೆ. ಚಿಕ್ಕಪ್ಪನ ದೂರಿಗೆ ಅವಳು "ಸಾಮಾನ್ಯ ತಪಾಸಣೆ" ಎಂಬುದನ್ನು ಆರಿಸಿದ್ದಳು. ಹಾಗಾಗಿ ಬಂದ ಹುಡುಗ ಸಾಮಾನ್ಯ ತಪಾಸಣೆ ಮಾಡಿದ. ಬ್ಯಾಟರಿಗೆ ನೀರು ಹಾಕಿದ, ಟರ್ಮಿನಲ್ ಒರೆಸಿದ, ಮೀಟರ್ ಇಟ್ಟ, "13.8 ವೋಲ್ಟ್ ಇದೆ, ಚೆನ್ನಾಗಿದೆ ಸಾರ್" ಅಂದ.

ಆಗ ಮನೆಯಲ್ಲಿ ಕರೆಂಟ್ ಇತ್ತು. ಬ್ಯಾಟರಿ ಚಾರ್ಜ್ ಆಗುತ್ತಿರುವಾಗ ಮೀಟರ್ ಇಟ್ಟರೆ ಅದು ತೋರಿಸುವುದು ಚಾರ್ಜರ್ ತಳ್ಳುತ್ತಿರುವ ವೋಲ್ಟೇಜನ್ನು. ಬ್ಯಾಟರಿಯ ಒಳಗಿನ ಶಕ್ತಿ ಅದರಲ್ಲಿ ಕಾಣುವುದಿಲ್ಲ. ಸಾಯುತ್ತಿರುವ ಬ್ಯಾಟರಿಯೂ ಚಾರ್ಜರಿನ ಆಸರೆಯಲ್ಲಿ 13.8 ತೋರಿಸುತ್ತದೆ. ಹುಡುಗನನ್ನು ನಾನು ದೂರುವುದಿಲ್ಲ. ಕರೆಂಟ್ ತೆಗೆದು, ಲೋಡ್ ಹಾಕಿ, ಅರ್ಧ ಗಂಟೆ ಕಾದು ನೋಡಬೇಕೆಂದು ಅವನ ಕೈಗೆ ಬಂದ ದೂರಿನಲ್ಲಿ ಎಲ್ಲಿಯೂ ಬರೆದಿರಲಿಲ್ಲ.

ಒಂದು ದೂರನ್ನು ಕಡಿಮೆಯೆಂದರೂ ಮೂವರು ನೋಡುತ್ತಾರೆ. ಮೊದಲನೆಯವರು ಅದನ್ನು ಬರೆದುಕೊಳ್ಳುವವರು. ಎರಡನೆಯವರು ಮನೆಗೆ ಬರುವ ಟೆಕ್ನಿಷಿಯನ್. ಮೂರನೆಯವರು ನಮಗೆ ಎಂದೂ ಮುಖ ತೋರಿಸದವರು. ಹೊಸ ಬ್ಯಾಟರಿ ಕೊಡಬಹುದೋ ಬೇಡವೋ ಎಂದು ತೀರ್ಮಾನಿಸುವ ಈ ವಾರಂಟಿ ವಿಭಾಗದವರು ನಿಮ್ಮ ಮನೆಗೂ ಬರುವುದಿಲ್ಲ, ಬ್ಯಾಟರಿಯನ್ನೂ ನೋಡುವುದಿಲ್ಲ. ಕಾಗದದಲ್ಲಿ ಏನಿದೆಯೋ ಅಷ್ಟೇ ಅವರಿಗೆ ಗೊತ್ತು. ಬದಲಾವಣೆ ಬೇಕಿದ್ದರೆ ದೂರನ್ನು ಬರೆಯಬೇಕಾದದ್ದು ಈ ಮೂರನೆಯವರ ಕಣ್ಣಿಗೆ.

ಯುಗಾದಿಗೆ ಊರಿಗೆ ಹೋದೆ. 2025ರ ಮಾರ್ಚ್ 30, ಭಾನುವಾರ. ಒಬ್ಬಟ್ಟಿನ ಊಟ ಮುಗಿಸಿ, ಜಗಲಿ ಕೋಣೆಯ ಮೂಲೆಯಲ್ಲಿದ್ದ ಬ್ಯಾಟರಿಯ ಮುಂದೆ ಚಿಕ್ಕಪ್ಪನ ಜೊತೆ ಕೂತೆ. ಮೊದಲು ಬಿಲ್ ಹುಡುಕಿದೆವು. ಇನ್ವರ್ಟರ್ ಒಂದು ಕಂಪನಿಯದು, ಬ್ಯಾಟರಿ ಇನ್ನೊಂದರದ್ದು. ಚಿಕ್ಕಪ್ಪ ಎರಡು ಸಲವೂ ದೂರು ಕೊಟ್ಟದ್ದು ಬ್ಯಾಟರಿ ಕಂಪನಿಗೆ, ಆದರೆ ಹೇಳಿದ್ದು ಇನ್ವರ್ಟರ್ ಕೆಟ್ಟಿದೆ ಎಂದು! ಬ್ಯಾಟರಿ 150 ಎಎಚ್‌ನ ಟ್ಯೂಬ್ಯುಲರ್, ಕೊಂಡದ್ದು 2022ರ ಜೂನ್ 9. ಕಾರ್ಡಿನ ಪ್ರಕಾರ 36 ತಿಂಗಳವರೆಗೆ ಕೆಟ್ಟರೆ ಉಚಿತವಾಗಿ ಬೇರೆ ಬ್ಯಾಟರಿ, ಆಮೇಲಿನ 18 ತಿಂಗಳು ಪ್ರೊ ರೇಟಾ. ಪ್ರೊ ರೇಟಾ ಎಂದರೆ ಹೊಸ ಬ್ಯಾಟರಿಯ ಬೆಲೆಯಲ್ಲಿ ಒಂದು ಭಾಗ ರಿಯಾಯಿತಿ, ಉಳಿದದ್ದನ್ನು ನಾವೇ ಕೊಡಬೇಕು. ಉಚಿತದ ಅವಧಿ ಮುಗಿಯಲು ಇನ್ನು ಎರಡು ತಿಂಗಳು ಚಿಲ್ಲರೆ ಇತ್ತು. ಇನ್ನೆರಡು ಸಲ "ಚೆನ್ನಾಗಿದೆ ಸಾರ್" ಅನ್ನಿಸಿಕೊಂಡಿದ್ದರೆ ಆ ಅವಧಿ ಕೈತಪ್ಪುತ್ತಿತ್ತು.

ಬಿಲ್ ಸಿಕ್ಕ ಮೇಲೆ ನಾನು ಕೇಳಿದ್ದು ಒಂದೇ ಪ್ರಶ್ನೆ. "ಮೊದಲು ಎಷ್ಟು ಹೊತ್ತು ಓಡ್ತಿತ್ತು, ಈಗ ಎಷ್ಟು ಹೊತ್ತು?"

"ಮೊದಲು ರಾತ್ರಿ ಹತ್ತಕ್ಕೆ ಹೋದ ಕರೆಂಟ್ ಮೂರಕ್ಕೆ ಬಂದ್ರೂ ಫ್ಯಾನ್ ತಿರುಗ್ತಾನೇ ಇತ್ತು. ಈಗ ಒಂದು ಧಾರಾವಾಹಿ ಮುಗಿಯೋದಿಲ್ಲ."

ಇದಕ್ಕಿಂತ ಒಳ್ಳೆಯ ವಿವರಣೆ ಬೇಕಿಲ್ಲ. ಸಂಖ್ಯೆಗೆ ಇಳಿಸಿದರೆ ಸಾಕು: ಮೊದಲು 5 ಗಂಟೆ, ಈಗ ಅರ್ಧ ಗಂಟೆಗಿಂತ ಕಡಿಮೆ. ಈ ಸಂಖ್ಯೆಯನ್ನು ಕಂಪನಿಯವರು ಒಪ್ಪಬೇಕಾದರೆ ಅದರ ಪಕ್ಕದಲ್ಲಿ ಲೋಡ್ ಇರಲೇಬೇಕು. ಅರ್ಧ ಗಂಟೆ ಎಂದೊಡನೆ ಅವರು ಕೇಳುವುದು "ಮಿಕ್ಸಿ ಹಾಕಿದ್ರಾ? ಫ್ರಿಜ್ ಇದೆಯಾ?" ಎಂದೇ. ಲೆಕ್ಕ ಹಾಕಿದೆವು. ಇನ್ವರ್ಟರ್ ಲೈನಿನಲ್ಲಿದ್ದದ್ದು 75 ವಾಟ್‌ನ 2 ಫ್ಯಾನ್, 9 ವಾಟ್‌ನ 4 ಎಲ್‌ಇಡಿ ಬಲ್ಬ್, ಇಂಟರ್ನೆಟ್ಟಿನ ಪೆಟ್ಟಿಗೆ. ಎಲ್ಲ ಸೇರಿ ಸುಮಾರು 200 ವಾಟ್. 12 ವೋಲ್ಟ್, 150 ಎಎಚ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವಾಟ್-ಗಂಟೆ ಇರುತ್ತದೆ. ಇನ್ವರ್ಟರಿನಲ್ಲಿ ಸೋರುವುದನ್ನೂ ಬ್ಯಾಟರಿಯನ್ನು ಪೂರ್ತಿ ಬಸಿಯಲಾಗದಿರುವುದನ್ನೂ ಕಳೆದರೆ ಮೂರರಲ್ಲಿ ಎರಡು ಪಾಲು, ಅಂದರೆ 1200 ಸಿಕ್ಕೀತು. 200 ವಾಟ್ ಲೋಡಿಗೆ ಅದು 6 ಗಂಟೆ. ಮೂರು ವರ್ಷದ ಬ್ಯಾಟರಿ 5 ಗಂಟೆ ಕೊಟ್ಟರೆ ಸರಿಯೇ. ಅರ್ಧ ಗಂಟೆ ಕೊಡುವುದಕ್ಕೆ ವಯಸ್ಸೊಂದೇ ಕಾರಣವಾಗಲಾರದು.

ಇನ್ನು ನಾವೇ ಮಾಡಿ ನೋಡಬಹುದಾದ ಪರೀಕ್ಷೆಗಳು. ಇಲ್ಲಿ ಗ್ರಾಹಕರು ಬಹಳ ಸಲ ಎಡವುತ್ತಾರೆ. "ಎಲ್ಲಾ ಮಾಡಿ ನೋಡಿದೆ" ಎಂದು ಬರೆಯುತ್ತಾರೆ. ಏನು ಮಾಡಿದಿರಿ, ಮಾಡಿದಾಗ ಏನು ಕಂಡಿತು ಎಂಬುದಿಲ್ಲದಿದ್ದರೆ ಕಂಪನಿಯವರು ಮತ್ತೆ ಮೊದಲ ಮೆಟ್ಟಿಲಿಂದ ಶುರು ಮಾಡುತ್ತಾರೆ: ನೀರು ನೋಡಿ, ಸ್ವಿಚ್ ಆಫ್ ಮಾಡಿ ಆನ್ ಮಾಡಿ, ರಾತ್ರಿಯೆಲ್ಲ ಚಾರ್ಜ್ ಮಾಡಿ ನಾಳೆ ಫೋನ್ ಮಾಡಿ. ಪ್ರತಿ ಪರೀಕ್ಷೆಯ ಪಕ್ಕದಲ್ಲೂ ಅದರ ಫಲ ಬರೆದಿದ್ದರೆ ಆ ಮೆಟ್ಟಿಲುಗಳನ್ನು ಅವರು ಮತ್ತೆ ಹತ್ತಿಸಲಾರರು.

ಭಾನುವಾರ ಸಂಜೆ ನೀರಿನ ಮಟ್ಟ ನೋಡಿದೆವು. ಆರೂ ಫ್ಲೋಟ್‌ಗಳು ಹಸಿರು ಗುರುತಿನಲ್ಲಿದ್ದವು. ಅದರ ಫೋಟೋ ತೆಗೆದೆ. ನೀರು ಬತ್ತಿ ಪ್ಲೇಟ್ ಬರಿದಾದರೆ ಗ್ರಾಹಕರ ಅಲಕ್ಷ್ಯವೆಂದು ವಾರಂಟಿ ತಿರಸ್ಕರಿಸುವುದುಂಟು. ಹಾಗಾಗಿ ಈ ಫೋಟೋಕ್ಕೆ ಬಹಳ ಬೆಲೆ. ಟರ್ಮಿನಲ್‌ಗಳಲ್ಲಿ ಬಿಳಿ ಹೂವು ಕಟ್ಟಿರಲಿಲ್ಲ, ನಟ್ ಬಿಗಿಯಾಗಿತ್ತು. ಅದನ್ನೂ ಬರೆದುಕೊಂಡೆ. ರಾತ್ರಿ 7ರಿಂದ ಬೆಳಗ್ಗೆ 9ರವರೆಗೆ, 14 ಗಂಟೆ, ಕರೆಂಟ್ ಹೋಗದೆ ಚಾರ್ಜ್ ಆಯಿತು. ಬೆಳಗ್ಗೆ ಚಾರ್ಜ್ ಆಗುತ್ತಿರುವಾಗಲೇ ಟಾರ್ಚ್ ಹಾಕಿ ಫ್ಲೋಟ್‌ಗಳ ಬಳಿ ಇಣುಕಿದಾಗ ಐದು ಸೆಲ್‌ಗಳಲ್ಲಿ ಗುಳ್ಳೆ ಏಳುವುದು ಕಾಣುತ್ತಿತ್ತು. ಒಂದರಲ್ಲಿ ಮಾತ್ರ ತಣ್ಣಗಿತ್ತು. (ಇಲ್ಲಿ ಬೆಂಕಿಕಡ್ಡಿ, ಮೇಣದಬತ್ತಿ ಹಿಡಿಯಲೇಬಾರದು. ಆ ಗುಳ್ಳೆಯಲ್ಲಿ ಹೈಡ್ರೋಜನ್ ಇರುತ್ತದೆ, ಸಿಡಿಯುತ್ತದೆ. ಒಳಗಿರುವುದು ಗಂಧಕಾಮ್ಲ, ಕಣ್ಣಿಗೆ ಬಿದ್ದರೆ ಅನಾಹುತ. ಕನ್ನಡಕ ಹಾಕಿಕೊಳ್ಳಿ. ಇನ್ವರ್ಟರಿನ ಪೆಟ್ಟಿಗೆಯನ್ನಂತೂ ಯಾರೂ ಬಿಚ್ಚಬೇಡಿ.)

ಆಮೇಲೆ ಇನ್ವರ್ಟರ್ ಪೂರ್ತಿ ಆಫ್ ಮಾಡಿ ಮೂರು ಗಂಟೆ ಬ್ಯಾಟರಿಯನ್ನು ಸುಮ್ಮನೆ ಬಿಟ್ಟೆವು. ಈ ವಿಶ್ರಾಂತಿ ಕೊಡದೆ ಅಳೆದರೆ ಚಾರ್ಜಿನ ಬಿಸಿ ಇನ್ನೂ ಆರಿರುವುದಿಲ್ಲ, ವೋಲ್ಟೇಜ್ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಮಧ್ಯಾಹ್ನ 12ಕ್ಕೆ ಮೀಟರ್ ಇಟ್ಟಾಗ 12.36 ತೋರಿಸಿತು. ತುಂಬಿದ ಒಳ್ಳೆಯ ಬ್ಯಾಟರಿ 12.6ರಿಂದ 12.8ರ ಆಸುಪಾಸಿನಲ್ಲಿರಬೇಕು. ಅದು ಆರು ಸೆಲ್‌ಗಳ ಕೂಡು ಕುಟುಂಬ, ಒಂದೊಂದು ಸೆಲ್ಲಿನ ಪಾಲು 2.1 ವೋಲ್ಟ್. ಮೊತ್ತ ಸ್ವಲ್ಪ ಕಡಿಮೆಯಾದಾಗ ಆರೂ ಸ್ವಲ್ಪ ಸ್ವಲ್ಪ ಸೋತಿವೆಯೋ, ಒಂದೇ ತುಂಬ ಸೋತಿದೆಯೋ ಎಂದು ಮೀಟರ್ ಹೇಳಲಾರದು. ಅದನ್ನು ಹೇಳುವುದು ಹೈಡ್ರೋಮೀಟರ್. ಪೇಟೆಯ ಆಟೋ ಎಲೆಕ್ಟ್ರಿಕಲ್ ಅಂಗಡಿಯಿಂದ ಚಿಕ್ಕಪ್ಪ ಒಂದನ್ನು ತಂದಿದ್ದರು. ಗಾಜಿನ ಕೊಳವೆ, ತುದಿಗೆ ರಬ್ಬರ್ ಬುರುಡೆ, ಒಳಗೆ ತೇಲುವ ಕಡ್ಡಿ. ಸೆಲ್ಲಿನಿಂದ ಸ್ವಲ್ಪ ದ್ರವ ಎಳೆದರೆ ಕಡ್ಡಿ ಎಷ್ಟು ಮೇಲೆ ತೇಲುತ್ತದೋ ಅದೇ ಗ್ರ್ಯಾವಿಟಿ. ನೋಡಿದ ಮೇಲೆ ದ್ರವವನ್ನು ಅದೇ ಸೆಲ್ಲಿಗೆ ಬಿಡಬೇಕು.

ಚಿಕ್ಕಪ್ಪ ಎಳೆದರು, ನಾನು ಬರೆದುಕೊಂಡೆ. ಪಾಸಿಟಿವ್ ಕಡೆಯಿಂದ 1230, 1240, 1235. ನಾಲ್ಕನೆಯದಕ್ಕೆ ಬಂದಾಗ ಕಡ್ಡಿ ಮೇಲೇಳಲೇ ಇಲ್ಲ. ಚಿಕ್ಕಪ್ಪ ಬುರುಡೆ ಬಿಟ್ಟು ಮತ್ತೆ ಎಳೆದರು. 1120. ಐದನೆಯದು 1240, ಆರನೆಯದು 1230. ಬೆಳಗ್ಗೆ ಗುಳ್ಳೆ ಏಳದೆ ತಣ್ಣಗಿದ್ದದ್ದು ಈ ನಾಲ್ಕನೆಯ ಸೆಲ್ಲೇ.

"ಈ ಒಂದರಿಂದ ಇಷ್ಟೆಲ್ಲಾನಾ?" ಅಂದರು.

ಹೌದು. ಸೆಲ್‌ಗಳು ಒಂದರ ಹಿಂದೆ ಒಂದು ಕಟ್ಟಿದ ಎತ್ತುಗಳಿದ್ದ ಹಾಗೆ. ಒಂದು ಕುಂಟಿದರೆ ಸಾಲೇ ನಿಲ್ಲುತ್ತದೆ. ಲೋಡ್ ಬಿದ್ದೊಡನೆ ದುರ್ಬಲ ಸೆಲ್ ಕುಸಿಯುತ್ತದೆ, ಒಟ್ಟು ವೋಲ್ಟೇಜ್ 10.5ರ ಸುಮಾರಿಗೆ ಇಳಿದಾಗ ಇನ್ವರ್ಟರ್ ತನ್ನ ರಕ್ಷಣೆಗೆ ತಾನೇ ಆಫ್ ಆಗುತ್ತದೆ. ಉಳಿದ ಐದು ಸೆಲ್‌ಗಳಲ್ಲಿ ಶಕ್ತಿ ಹಾಗೇ ಉಳಿದಿರುತ್ತದೆ. ಸೆಲ್‌ಗಳ ನಡುವೆ ಗ್ರ್ಯಾವಿಟಿಯಲ್ಲಿ 50 ಅಂಕದಷ್ಟು ವ್ಯತ್ಯಾಸ ಬಂದರೇ ಸಂಶಯಪಡಬೇಕು. ಇಲ್ಲಿ 100ನ್ನೂ ಮೀರಿತ್ತು. ಆದರೆ ಒಂದು ಎಚ್ಚರ ಬೇಕು. ಆಗಷ್ಟೇ ಡಿಸ್ಟಿಲ್ಡ್ ವಾಟರ್ ಹಾಕಿ ಅಳೆದರೆ ನೀರು ಮೇಲ್ಪದರದಲ್ಲೇ ನಿಂತಿದ್ದು ಚೆನ್ನಾಗಿರುವ ಸೆಲ್ಲೂ ಕಡಿಮೆ ತೋರಿಸುತ್ತದೆ. ನಮ್ಮಲ್ಲಿ ನೀರು ಹಾಕಿ ಎರಡು ವಾರವಾಗಿತ್ತು, ನಡುವೆ ಎಷ್ಟೋ ಸಲ ಚಾರ್ಜ್ ಆಗಿ ಬೆರೆತಿತ್ತು. ಲೋಕಲ್ ಮೆಕ್ಯಾನಿಕ್ ಯಾರಾದರೂ "ಪವರ್ ಬರುತ್ತೆ" ಎಂದು ಆಸಿಡ್ ಸುರಿದಿದ್ದರೆ ಈ ಅಂಕಿಗಳಿಗೆ ಅರ್ಥವೇ ಇರುವುದಿಲ್ಲ, ವಾರಂಟಿಯೂ ಹೋದಂತೆ. ಹಾಗೇನಾದರೂ ಆಗಿದ್ದರೆ ಮುಚ್ಚಿಡದೆ ಬರೆಯಬೇಕು. ಸರ್ವಿಸ್ ಸೆಂಟರಿನ ಪರೀಕ್ಷೆಯಲ್ಲಿ ಅದು ಗೊತ್ತಾಗಿಯೇ ಆಗುತ್ತದೆ, ಆಗ ನೀವು ಬರೆದ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ.

ಕೊನೆಗೆ ಮೇನ್ ತೆಗೆದು ಅದೇ 200 ವಾಟ್ ಲೋಡ್ ಹಾಕಿದೆವು. ಬ್ಯಾಟರಿಗೆ ಮೀಟರ್ ಕಚ್ಚಿಸಿ, ಪಕ್ಕದಲ್ಲಿ ಗೋಡೆ ಗಡಿಯಾರ ಇಟ್ಟು ಫೋನಿನಲ್ಲಿ ವಿಡಿಯೋ ಮಾಡಿದೆ. 12:10ಕ್ಕೆ ಶುರು, 12:32ಕ್ಕೆ ಬೀಪ್ ಹೊಡೆದು ಆರಿತು. 22 ನಿಮಿಷ.

ಏಪ್ರಿಲ್ 1ರಂದು ಚಿಕ್ಕಪ್ಪನ ಹೆಸರಿನಲ್ಲಿ ಕಂಪನಿಯ ಇಮೇಲಿಗೆ ಬರೆದದ್ದು ಇದು. ಸೀರಿಯಲ್ ನಂಬರ್, ವಿಳಾಸ ಇವುಗಳನ್ನು ಬಿಟ್ಟು ಇಲ್ಲಿ ಕೊಡುತ್ತಿದ್ದೇನೆ.

"ವಿಷಯ: 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿಯ ಬ್ಯಾಕಪ್ 5 ಗಂಟೆಯಿಂದ 22 ನಿಮಿಷಕ್ಕೆ ಇಳಿದಿದೆ, ವಾರಂಟಿಯಡಿ ಬದಲಾವಣೆ ಕೋರಿಕೆ.

ಮಾನ್ಯರೆ, ಈ ಬ್ಯಾಟರಿಯನ್ನು 9-6-2022ರಂದು ಕೊಂಡಿದ್ದೇನೆ. ಉಚಿತ ಬದಲಾವಣೆಯ ಅವಧಿ 8-6-2025ರವರೆಗೆ ಇದೆ. ಸುಮಾರು 200 ವಾಟ್ ಲೋಡಿಗೆ ಮೊದಲು 5 ಗಂಟೆ ಬರುತ್ತಿತ್ತು. ಜನವರಿಯಿಂದ ಕಡಿಮೆಯಾಗುತ್ತಾ ಬಂದು ಈಗ 22 ನಿಮಿಷಕ್ಕೆ ಇನ್ವರ್ಟರ್ ಆಫ್ ಆಗುತ್ತಿದೆ. ಮಿಕ್ಸಿ, ಫ್ರಿಜ್, ಮೋಟಾರ್ ಈ ಲೈನಿನಲ್ಲಿ ಇಲ್ಲ.

ಇದೇ ತೊಂದರೆಗೆ ಫೆಬ್ರವರಿ ಮತ್ತು ಮಾರ್ಚ್‌ನಲ್ಲಿ ಎರಡು ದೂರು ಕೊಟ್ಟಿದ್ದೆ. ಎರಡೂ ಸಲ ಚಾರ್ಜ್ ಆಗುತ್ತಿರುವಾಗ ವೋಲ್ಟೇಜ್ ನೋಡಿ ದೂರು ಮುಗಿಸಲಾಗಿದೆ. ಲೋಡ್ ಪರೀಕ್ಷೆ ಆಗಿಲ್ಲ.

ನಾನು ನೋಡಿದ್ದು: ನೀರಿನ ಮಟ್ಟ ಆರೂ ಸೆಲ್‌ಗಳಲ್ಲಿ ಸರಿ ಇದೆ. ಟರ್ಮಿನಲ್ ಶುಚಿಯಾಗಿ, ಬಿಗಿಯಾಗಿ ಇವೆ. 14 ಗಂಟೆ ಚಾರ್ಜ್ ಮಾಡಿ 3 ಗಂಟೆ ಬಿಟ್ಟ ಮೇಲೆ 12.36 ವೋಲ್ಟ್ ಇತ್ತು. ಗ್ರ್ಯಾವಿಟಿ ಪಾಸಿಟಿವ್ ಕಡೆಯಿಂದ ಕ್ರಮವಾಗಿ 1230, 1240, 1235, 1120, 1240, 1230. ಚಾರ್ಜ್ ಆಗುವಾಗ ನಾಲ್ಕನೆಯ ಸೆಲ್ಲಿನಲ್ಲಿ ಗುಳ್ಳೆ ಏಳುವುದಿಲ್ಲ. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಹಾಕಿಲ್ಲ, ನಿಮ್ಮ ಟೆಕ್ನಿಷಿಯನ್ ಬಿಟ್ಟು ಬೇರೆಯವರು ಮುಟ್ಟಿಲ್ಲ. ಬಿಲ್, ವಾರಂಟಿ ಕಾರ್ಡ್, ಫೋಟೋ ಮತ್ತು ವಿಡಿಯೋ ಲಗತ್ತಿಸಿದ್ದೇನೆ.

ನನ್ನ ಕೋರಿಕೆ: ಕರೆಂಟ್ ತೆಗೆದು ಲೋಡ್ ಪರೀಕ್ಷೆ ಮತ್ತು ಸೆಲ್‌ವಾರು ಗ್ರ್ಯಾವಿಟಿ ಪರೀಕ್ಷೆ ಮಾಡಿ, ದೋಷ ಖಚಿತವಾದರೆ ಬ್ಯಾಟರಿ ಬದಲಾಯಿಸಿಕೊಡಿ. ಸರ್ವಿಸ್ ಸೆಂಟರಿಗೆ ಒಯ್ಯುವುದಾದರೆ ಅಷ್ಟು ದಿನಕ್ಕೆ ಸ್ಟ್ಯಾಂಡ್‌ಬೈ ಬ್ಯಾಟರಿ ಕೊಡಿ. ಬದಲಾವಣೆ ಸಾಧ್ಯವಿಲ್ಲವೆಂದರೆ ಪರೀಕ್ಷೆಯ ಅಂಕಿಗಳನ್ನೂ ಕಾರಣವನ್ನೂ ಬರಹದಲ್ಲಿ ತಿಳಿಸಿ. ಪರೀಕ್ಷೆಯ ದಿನಾಂಕವನ್ನು ಏಪ್ರಿಲ್ 5ರೊಳಗೆ ತಿಳಿಸಬೇಕೆಂದು ಕೋರುತ್ತೇನೆ."

"ನಾಲ್ಕನೆಯ ಸೆಲ್ ಸತ್ತಿದೆ" ಎಂದು ನಾವು ಬರೆಯಲಿಲ್ಲ. ನಮಗೆ ಹಾಗನ್ನಿಸಿತ್ತು, ಆದರೆ ಬರೆದದ್ದು ಕಂಡ ಅಂಕಿಯನ್ನು ಮಾತ್ರ. ರೋಗದ ಹೆಸರನ್ನು ನಾವೇ ಹೇಳಿದರೆ ಬಂದವರಿಗೆ ಅದನ್ನು ಅಲ್ಲಗಳೆಯುವುದು ಸುಲಭ. 1120 ಎಂಬ ಅಂಕಿಯನ್ನು ಅಲ್ಲಗಳೆಯಬೇಕಾದರೆ ಅವರೂ ಹೈಡ್ರೋಮೀಟರ್ ಇಳಿಸಲೇಬೇಕು, ಮತ್ತು ನಮಗೆ ಬೇಕಾದದ್ದು ಅದೇ.

ಕೋರಿಕೆಯ ಭಾಗ ನನಗೆ ಎಲ್ಲಕ್ಕಿಂತ ಮುಖ್ಯ. "ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ" ಎಂದು ಮುಗಿಯುವ ನೂರಾರು ಪತ್ರ ಓದಿದ್ದೇನೆ. ಸೂಕ್ತ ಯಾವುದೆಂದು ತೀರ್ಮಾನಿಸುವ ಅಧಿಕಾರವನ್ನು ಅಲ್ಲಿ ಗ್ರಾಹಕರೇ ಬಿಟ್ಟುಕೊಟ್ಟಿರುತ್ತಾರೆ. ಹುಡುಗ ಬಂದು ನೀರು ಹಾಕಿ ಹೋದರೆ ಅದೂ ಸೂಕ್ತ ಕ್ರಮವೇ. ಹಾಗೆಂದು ಬಡ್ಡಿ ಸಮೇತ ಹಣ ವಾಪಸ್, ಮಾನಸಿಕ ಯಾತನೆಗೆ ಪರಿಹಾರ ಎಂದು ಮೊದಲ ಪತ್ರದಲ್ಲೇ ಕೇಳಿದರೆ ಅದು ಸರ್ವಿಸ್ ವಿಭಾಗದ ಕೈಯಿಂದ ಜಾರಿ ಕಾನೂನು ವಿಭಾಗಕ್ಕೆ ಹೋಗಿ ವಾರಗಟ್ಟಲೆ ಕೂರುತ್ತದೆ. ಕಾರ್ಡಿನಲ್ಲಿ ಕಂಪನಿಯೇ ಒಪ್ಪಿಕೊಂಡಿರುವುದನ್ನು ಅದೇ ಮಾತಿನಲ್ಲಿ ಕೇಳಬೇಕು. ಕೊಡದಿದ್ದರೆ ಕಾರಣ ಬರಹದಲ್ಲಿ ಬೇಕೆಂದೂ ಕೇಳಬೇಕು. ಬಾಯಲ್ಲಿ "ಆಗಲ್ಲ ಸಾರ್" ಎನ್ನುವುದಕ್ಕೂ ಸಹಿ ಹಾಕಿ ಆಗಲ್ಲ ಎನ್ನುವುದಕ್ಕೂ ವ್ಯತ್ಯಾಸ ಇದೆ. ಮುಂದೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಹೋಗಬೇಕಾಗಿ ಬಂದರೆ, ಅದರಾಚೆಗೆ ಜಿಲ್ಲಾ ಗ್ರಾಹಕ ಆಯೋಗಕ್ಕೇ ಹೋದರೆ, ಆ ಕಾಗದವೇ ಕೈಗೆ ಆಧಾರ. ಆಯೋಗಕ್ಕೆ ಹೋಗಲು ವಿವಾದ ಹುಟ್ಟಿದ ದಿನದಿಂದ ಎರಡು ವರ್ಷದ ಗಡುವಿದೆ. ಬ್ಯಾಟರಿಯನ್ನು ಆನ್‌ಲೈನಿನಲ್ಲಿ ಕೊಂಡಿದ್ದರೆ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆ ತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು.

ಕಸ್ಟಮರ್ ಕೇರ್ ನಂಬರನ್ನು ಇಂಟರ್ನೆಟ್ಟಿನಲ್ಲಿ ಹುಡುಕಬೇಡಿ, ವಾರಂಟಿ ಕಾರ್ಡಿನಿಂದಲೇ ತೆಗೆದುಕೊಳ್ಳಿ. ನಕಲಿ ನಂಬರ್ ಹಾಕಿ, ಫೋನಿಗೆ ಆಪ್ ಇಳಿಸಲು ಹೇಳಿ, ಬ್ಯಾಂಕಿನ ಹಣ ದೋಚುವವರು ಕಾದು ಕೂತಿದ್ದಾರೆ. ಇನ್ನೊಂದು ಒಟಿಪಿಯ ವಿಚಾರವಿದೆ, ಚಿಕ್ಕಪ್ಪನ ಎರಡೂ ದೂರು ಮುಚ್ಚಿಹೋದದ್ದು ಅದರಿಂದಲೇ. ಬಹಳ ಕಂಪನಿಗಳಲ್ಲಿ ಟೆಕ್ನಿಷಿಯನ್ ಕೆಲಸ ಮುಗಿಸಿದಾಗ ಗ್ರಾಹಕರ ಫೋನಿಗೆ ಒಂದು ಸಂಖ್ಯೆ ಬರುತ್ತದೆ. ಅದನ್ನು ಕೊಟ್ಟರೆ "ಸಮಸ್ಯೆ ಬಗೆಹರಿದಿದೆ, ನನಗೆ ತೃಪ್ತಿಯಾಗಿದೆ" ಎಂದು ನೀವೇ ಹೇಳಿದಂತೆ. ಹುಡುಗ ಬಂದಿದ್ದಕ್ಕೆ ಸಾಕ್ಷಿ ಅಂದುಕೊಂಡು ಚಿಕ್ಕಪ್ಪ ಕೊಟ್ಟಿದ್ದರು.

ಏಪ್ರಿಲ್ 4ಕ್ಕೆ ಬೇರೊಬ್ಬ ಟೆಕ್ನಿಷಿಯನ್ ಬಂದರು. ಈ ಸಲ ಹೈಡ್ರೋಮೀಟರೂ ಲೋಡ್ ಟೆಸ್ಟರೂ ಅವರ ಚೀಲದಲ್ಲಿದ್ದವು. ದೂರಿನಲ್ಲಿ ಬರೆದದ್ದನ್ನು ಫೋನಿನಲ್ಲಿ ಓದಿಕೊಂಡೇ ಬಂದಿದ್ದರು. ನಾಲ್ಕನೆಯ ಸೆಲ್ ಅವರ ಅಳತೆಯಲ್ಲಿ 1115 ಬಂತು. ಬ್ಯಾಟರಿಯನ್ನು ಆಟೋದಲ್ಲಿ ಸಾಗಿಸಿ ಸ್ಟ್ಯಾಂಡ್‌ಬೈ ಇಟ್ಟು ಹೋದರು. ಒಟಿಪಿ ಕೇಳಿದಾಗ ಚಿಕ್ಕಪ್ಪ, "ಬ್ಯಾಟರಿ ಬಂದ್ಮೇಲೆ ಕೊಡ್ತೀನಪ್ಪ" ಅಂದರಂತೆ. ಸರ್ವಿಸ್ ಸೆಂಟರಿನಲ್ಲಿ ಮತ್ತೆ ಚಾರ್ಜ್ ಮಾಡಿ ಪರೀಕ್ಷಿಸಿ, ಹತ್ತನೆಯ ದಿನಕ್ಕೆ ಬೇರೆ ಬ್ಯಾಟರಿ ಬಂತು. ಇದಕ್ಕೆ ಹೊಸದಾಗಿ 36 ತಿಂಗಳು ಸಿಗುವುದಿಲ್ಲ. ಹಳೆಯದರಲ್ಲಿ ಉಳಿದ ಅವಧಿಯಷ್ಟೇ ಮುಂದುವರಿಯುತ್ತದೆ, ಕಾರ್ಡಿನಲ್ಲಿ ಹಾಗೇ ಬರೆದಿತ್ತು. ಚಿಕ್ಕಪ್ಪನಿಗೆ ಇದು ಬೇಸರ ತಂದಿತು, ನನಗೂ.

ಮೊನ್ನೆ ಊರಿಗೆ ಹೋದಾಗ ಬ್ಯಾಟರಿಯ ಹಿಂದಿನ ಗೋಡೆ ನೋಡಿದೆ. ಸೀಮೆಸುಣ್ಣದಲ್ಲಿ ತಾರೀಕು ಹಾಕಿ ಆರು ಅಂಕಿ ಬರೆದಿದ್ದರು, ಎಲ್ಲವೂ 1240ರ ಆಸುಪಾಸು. ಅದರ ಕೆಳಗೆ ಮೂರು ತಿಂಗಳ ನಂತರದ ತಾರೀಕು, ಮತ್ತೆ ಆರು ಅಂಕಿ. ಹೈಡ್ರೋಮೀಟರ್ ಈಗ ಅವರದ್ದೇ, ಕಿಟಕಿಯ ಮೊಳೆಗೆ ನೇತುಹಾಕಿದ್ದಾರೆ.